ಜಾಯಿನಿಂಗ್ ಬೋನಸ್ ಅಂದ್ರೆ ಬೋನಸ್ಸಲ್ಲ, ಮುಂಗಡ

ಕ್ಯಾಂಪಸ್ ಪ್ಲೇಸ್‌ಮೆಂಟ್ ಆದ ದಿನ ನಾವೆಲ್ಲ ಆಫರ್ ಲೆಟರಿನಲ್ಲಿ ಓದೋದು ಒಂದೇ ಸಾಲು, ಸಿಟಿಸಿ ಎಷ್ಟು ಅನ್ನೋದು. ಉಳಿದ ಹದಿನಾಲ್ಕು ಪುಟ ಮೊಬೈಲಿನಲ್ಲಿ ಬೆರಳಾಡಿಸಿ ದಾಟಿಸಿ ಕೊನೆಯಲ್ಲಿ 'ಐ ಅಕ್ಸೆಪ್ಟ್' ಒತ್ತುತ್ತೇವೆ. ಸಂಜೆಗೆ ಪೇಡೆ ಹಂಚುತ್ತೇವೆ. ನಮ್ಮ ಸಿರುಗುಪ್ಪದ ಹುಡುಗ ಹುಡುಗಿಯರ ಗುಂಪಿನಲ್ಲಿ ಹೀಗೇ ಪೇಡೆ ಹಂಚಿದ್ದ ಸೀನಿಯರ್ ಅಕ್ಕ ಒಬ್ಬರು, ಎಂಟು ತಿಂಗಳ ನಂತರ ಅದೇ ಲೆಟರನ್ನು ನಮ್ಮ ಮುಂದೆ ಇಟ್ಟು, "ಇದರಾಗ ಏನು ಬರ್ದಾರ ಒಂಚೂರು ನೋಡ್ರೋ" ಅಂದರು. ಕೆಲಸ ಬಿಡೋದಕ್ಕೆ ಅವರಿಗೆ ಬಂದಿದ್ದ ಬಿಲ್ 1,55,000 ರೂಪಾಯಿ.

ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತೇವೆ.

ಅಕ್ಕನ ಸಿಟಿಸಿ ಆರು ಲಕ್ಷ. ಕೇಳೋದಕ್ಕೆ ತಿಂಗಳಿಗೆ ಐವತ್ತು ಸಾವಿರ. ಆದರೆ ಅದರಲ್ಲಿ 75,000 ಜಾಯಿನಿಂಗ್ ಬೋನಸ್, ಒಂದಿಷ್ಟು ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್. ತಿಂಗಳ ಗ್ರಾಸ್ ಸಂಬಳ 40,000, ಅದರಲ್ಲಿ ಬೇಸಿಕ್ 20,000. ನೋಟಿಸ್ ಪೀರಿಯಡ್ 90 ದಿನ. 2025ರ ಜುಲೈನಲ್ಲಿ ಸೇರಿದರು. ಮುಂದಿನ ವರ್ಷ ಫೆಬ್ರವರಿ ಕೊನೆಗೆ, ಅಂದರೆ ಎಂಟು ತಿಂಗಳು ಮುಗಿದ ಮೇಲೆ, ಬೇರೆ ಕಡೆ ಇನ್ನೂ ಒಳ್ಳೆಯ ಕೆಲಸ ಸಿಕ್ಕಿತು. ಹೊಸ ಕಂಪನಿ 30 ದಿನದಲ್ಲಿ ಬನ್ನಿ ಅಂದಿತು. ಅಲ್ಲಿಗೆ 60 ದಿನ ನೋಟಿಸ್ ಕಡಿಮೆ ಬಿತ್ತು.

ಲೆಟರಿನಲ್ಲಿ ಇದ್ದದ್ದು 'ಸ್ಯಾಲರಿ ಇನ್ ಲ್ಯೂ ಆಫ್ ನೋಟಿಸ್' ಅಂತ. ನೋಟಿಸ್ ಬದಲಿಗೆ ಸಂಬಳ ಕಟ್ಟಿ ಹೋಗಬಹುದು ಅನ್ನೋದು ಅದರ ಅರ್ಥ. ಇದನ್ನೇ ಬೈಔಟ್ ಅಂತಾರೆ. ಯಾವ ಸಂಬಳ? ಅದು ಬರೆದಿರಲಿಲ್ಲ. ಕಂಪನಿ ಗ್ರಾಸ್ ಹಿಡಿದು ಎರಡು ತಿಂಗಳಿಗೆ 80,000 ಅಂದಿತು. ಬೇಸಿಕ್ ಹಿಡಿದರೆ 40,000 ಅಷ್ಟೆ. ಒಂದು ಪದಕ್ಕೆ ವಿವರಣೆ ಇಲ್ಲದ್ದಕ್ಕೆ ನಲವತ್ತು ಸಾವಿರದ ವ್ಯತ್ಯಾಸ.

ಇನ್ನು ಬೋನಸ್. ವರ್ಷ ತುಂಬುವ ಮೊದಲು ಬಿಟ್ಟರೆ 'ರಿಕವರಬಲ್ ಇನ್ ಫುಲ್', ಪೂರ್ತಿ ವಾಪಸ್ ಅಂತ ಸ್ಪಷ್ಟವಾಗಿ ಇತ್ತು. ಇದಕ್ಕೆ ಕ್ಲಾಬ್ಯಾಕ್ ಅಂತಾರೆ. ಎಂಟು ತಿಂಗಳು ದುಡಿದಿದ್ದರೂ 75,000ವೂ ವಾಪಸ್. ಅದೇ ಜಾಗದಲ್ಲಿ 'ಪ್ರೋ-ರೇಟಾ' ಅನ್ನೋ ಪದ ಇದ್ದಿದ್ದರೆ ಉಳಿದ ನಾಲ್ಕು ತಿಂಗಳ ಪಾಲು ಮಾತ್ರ, ಅಂದರೆ 25,000 ಕಟ್ಟಿದರೆ ಸಾಕಿತ್ತು. ಒಟ್ಟು ನೋಡಿದರೆ ಅದೇ ಕೆಲಸ, ಅದೇ ಎಂಟು ತಿಂಗಳು; ಒಂದು ರೀತಿ ಬರೆದರೆ 65,000, ಇನ್ನೊಂದು ರೀತಿ ಬರೆದರೆ 1,55,000.

ಅಕ್ಕನ ಅಪ್ಪ ಭತ್ತ ಬೆಳೆಯುವವರು. ಲೆಕ್ಕ ಕೇಳಿ ಅವರಂದ ಮಾತು ನಮಗೆ ಮರೆಯೋದಿಲ್ಲ: "ಮಂಡಿಯಾಗ ಗೊಬ್ಬರಕ್ಕ ಮುಂಗಡ ತಗೊಂಡ್ರ, ಅರ್ಧ ತೀರಿಸಿದ ಮ್ಯಾಲೆ ಉಳಿದರ್ಧನ ಕೇಳ್ತಾರ. ನಿಮ್ಮ ಕಂಪನಿ ಪೂರಾ ಕೇಳ್ತೈತಲ್ಲವ, ಅದೆಂಥಾ ಬೋನಸ್ಸು?" ಅವರು ಹೇಳಿದ್ದೇ ಸರಿ. ಜಾಯಿನಿಂಗ್ ಬೋನಸ್ ಅನ್ನೋದು ಬೋನಸ್ಸಲ್ಲ, ದಿನದಿಂದ ದಿನಕ್ಕೆ ನಾವು ದುಡಿದು ತೀರಿಸಬೇಕಾದ ಮುಂಗಡ. ಮುಂಗಡ ಅಂದ ಮೇಲೆ ತೀರಿದ್ದು ತೀರಿದ ಹಾಗೆ ಲೆಕ್ಕವಾಗಬೇಕು. ಹನ್ನೊಂದು ತಿಂಗಳು ಇಪ್ಪತ್ತೊಂಬತ್ತು ದಿನ ದುಡಿದವನೂ ಮೊದಲ ವಾರ ಓಡಿಹೋದವನೂ ಒಂದೇ ಮೊತ್ತ ಕಟ್ಟುವುದಾದರೆ ಅದು ವಸೂಲಿ ಅಲ್ಲ, ದಂಡ.

ಹಂಗಂತ ಈ ಷರತ್ತುಗಳೆಲ್ಲ ಕಾನೂನಿಗೆ ವಿರುದ್ಧ, ಹರಿದು ಹಾಕಿ ಅಂತ ನಾವು ಹೇಳುತ್ತಿಲ್ಲ. ವಾಟ್ಸಾಪಿನಲ್ಲಿ ಓಡಾಡುವ 'ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲಲ್ಲ ಬಿಡು ಮಗಾ' ಅನ್ನೋ ಧೈರ್ಯ ಈಗ ಅಪಾಯದ್ದು. ಯಾಕೆಂದರೆ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ವಿಜಯಾ ಬ್ಯಾಂಕ್ (ಈಗ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿದೆ) ತನ್ನ ಅಧಿಕಾರಿಗಳಿಗೆ ಒಂದು ಷರತ್ತು ಹಾಕಿತ್ತು: ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು. 2007ರಲ್ಲಿ ಸೀನಿಯರ್ ಮ್ಯಾನೇಜರ್ ಹುದ್ದೆಗೆ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು, ಆಕ್ಷೇಪಣೆ ದಾಖಲಿಸಿಯೇ ಎರಡು ಲಕ್ಷ ಕಟ್ಟಿದರು, ಆಮೇಲೆ ಕರ್ನಾಟಕ ಹೈಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಬ್ಯಾಂಕಿನ ಷರತ್ತು ಸರಿ ಅಂದಿತು.

ತೀರ್ಪು ಏನು ಹೇಳಿತು, ಏನು ಹೇಳಲಿಲ್ಲ ಅನ್ನೋದನ್ನು ನಿಧಾನವಾಗಿ ನೋಡಬೇಕು. ಭಾರತೀಯ ಕರಾರು ಕಾಯ್ದೆಯ 27ನೇ ಕಲಂ, ಯಾರನ್ನೇ ಆಗಲಿ ಕಾನೂನುಬದ್ಧ ವೃತ್ತಿ ಮಾಡದಂತೆ ತಡೆಯುವ ಕರಾರು ಅಸಿಂಧು ಅನ್ನುತ್ತದೆ. ಬ್ಯಾಂಕಿನ ಷರತ್ತು 'ಬೇರೆ ಕಡೆ ಹೋಗಬೇಡ' ಅನ್ನಲಿಲ್ಲ, 'ಬೇಗ ಬಿಟ್ಟರೆ ಇಷ್ಟು ಕಟ್ಟು' ಅಂದಿತು. ಅದು ಕೆಲಸದ ಅವಧಿಗೆ ಸಂಬಂಧಿಸಿದ್ದು, ಆದ್ದರಿಂದ 27ನೇ ಕಲಂ ಅಡ್ಡ ಬರೋದಿಲ್ಲ ಅನ್ನೋದು ಕೋರ್ಟಿನ ಮೊದಲ ಮಾತು. ಎರಡನೆಯದು, ಸಾರ್ವಜನಿಕ ಬ್ಯಾಂಕು ಜಾಹೀರಾತು ಕೊಟ್ಟು ಪರೀಕ್ಷೆ ನಡೆಸಿಯೇ ನೇಮಕ ಮಾಡಬೇಕು, ಖಾಸಗಿಯವರ ಹಾಗೆ ಕರೆದು ಕೂರಿಸಿಕೊಳ್ಳಲು ಆಗೋದಿಲ್ಲ, ಹಾಗಾಗಿ ನಷ್ಟ ನಿಜವಾದದ್ದು. ಮೂರನೆಯದು, ಆ ಹುದ್ದೆಯ ಸಂಬಳಕ್ಕೆ ಎರಡು ಲಕ್ಷ ಅನ್ನೋದು ರಾಜೀನಾಮೆಯನ್ನೇ ಅಸಾಧ್ಯ ಮಾಡುವಷ್ಟು ದೊಡ್ಡದಲ್ಲ.

ಇದರಲ್ಲಿ ಎರಡನೆಯ, ಮೂರನೆಯ ಕಾರಣಗಳನ್ನು ಫ್ರೆಷರ್ ಒಬ್ಬರ ಮೇಲೆ ಇಟ್ಟು ನೋಡಿ. ಕ್ಯಾಂಪಸ್ಸಿಗೆ ಬಂದು ಒಂದೇ ದಿನದಲ್ಲಿ ನೂರು ಜನರನ್ನು ಆರಿಸುವ ಖಾಸಗಿ ಕಂಪನಿಗೆ ಬ್ಯಾಂಕಿನಷ್ಟು ನೇಮಕದ ಕಷ್ಟ ಇಲ್ಲ. ತಿಂಗಳಿಗೆ ನಲವತ್ತು ಸಾವಿರ ದುಡಿಯುವವರಿಗೆ 1,55,000 ಅಂದರೆ ಸುಮಾರು ನಾಲ್ಕು ತಿಂಗಳ ಸಂಬಳ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ: ಕಂಪನಿಯೇ ಅಚ್ಚು ಹಾಕಿ ಸಹಿಗೆ ಕೊಡುವ ಕರಾರಿನಲ್ಲಿ ಎರಡೂ ಕಡೆಯವರ ಬಲ ಸಮ ಇರೋದಿಲ್ಲ, ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧವಲ್ಲ ಅಂತ ತೋರಿಸುವ ಹೊರೆ ಅದರ ಲಾಭ ಕೇಳುವವರ ಮೇಲೇ ಇದೆ. ಇದರ ಜೊತೆಗೆ ಕರಾರು ಕಾಯ್ದೆಯ 74ನೇ ಕಲಂ ಇದೆ. ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ ಸಿಗಬೇಕು ಅನ್ನುತ್ತದೆ ಅದು. ಅಂದರೆ ಮೂರು ದಿನದ ಪಿಪಿಟಿ ತೋರಿಸಿ ಎರಡು ಲಕ್ಷ 'ಟ್ರೇನಿಂಗ್ ಕಾಸ್ಟ್' ಕೇಳಿದರೆ, ಆ ಖರ್ಚು ಎಲ್ಲಿ ಆಯಿತು ಅಂತ ಕೇಳುವ ಜಾಗ ಕಾನೂನಿನಲ್ಲಿ ಇದೆ.

ಆದರೆ ನಮ್ಮಲ್ಲಿ ಯಾರೂ ಕೋರ್ಟಿನವರೆಗೆ ಹೋಗೋದಿಲ್ಲ. ಕಂಪನಿಗೂ ಅದು ಗೊತ್ತು. ಅದರ ಕೈಯಲ್ಲಿರುವ ನಿಜವಾದ ಬೀಗ ಎರಡು: ರಿಲೀವಿಂಗ್ ಲೆಟರ್ ಮತ್ತು ಕೊನೆಯ ತಿಂಗಳ ಸಂಬಳ. ಲೆಟರ್ ಇಲ್ಲದಿದ್ದರೆ ಹೊಸ ಕಡೆ ಬ್ಯಾಕ್‌ಗ್ರೌಂಡ್ ಚೆಕ್ಕಿನಲ್ಲಿ ಸಿಕ್ಕಿಕೊಳ್ಳುತ್ತೇವೆ. ಅಕ್ಕನ 40,000 ಸಂಬಳವನ್ನು ಪೂರ್ತಿ ತಡೆದು ಫುಲ್ ಅಂಡ್ ಫೈನಲ್ ಲೆಕ್ಕಕ್ಕೆ ಸೇರಿಸಿದ್ದರು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟು ಹೋದವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು, ಒಂದು ವೇತನ ಅವಧಿಯ ಕಡಿತಗಳು ವೇತನದ ಅರ್ಧ ದಾಟಬಾರದು. ಇದು ಅವರಿಗೂ ಗೊತ್ತಿರಲಿಲ್ಲ, ನಮಗೂ ಆಮೇಲೆ ಗೊತ್ತಾಯಿತು.

ಅಕ್ಕ ಮಾಡಿದ್ದು ಒಂದೇ ಕೆಲಸ. ಫೋನಿನಲ್ಲಿ ಜಗಳ ಬಿಟ್ಟು ಎಚ್‌ಆರ್‌ಗೆ ಮೇಲ್ ಬರೆದು, ಲೆಟರಿನಲ್ಲಿ 'ಸ್ಯಾಲರಿ' ಅಂದರೆ ಗ್ರಾಸ್ ಅಂತ ಎಲ್ಲಿ ಬರೆದಿದೆ, ಆ ಕಲಂ ತೋರಿಸಿ ಅಂತ ಕೇಳಿದರು. ತೋರಿಸಲು ಆಗಲಿಲ್ಲ. ಒಂದು ವಾರದ ಮೇಲೆ ನೋಟಿಸ್ ಹಣ ಬೇಸಿಕ್ ಲೆಕ್ಕಕ್ಕೆ ಇಳಿಯಿತು. ಬೋನಸ್ ಮಾತ್ರ ಇಳಿಯಲಿಲ್ಲ, ಅಲ್ಲಿ 'ಇನ್ ಫುಲ್' ಅಂತ ಬರೆದಿತ್ತಲ್ಲ. ಒಟ್ಟು 1,15,000. ತಡೆದ ಸಂಬಳ ಕಳೆದು ಕೈಯಿಂದ ಕಟ್ಟಿದ್ದು 75,000.

ಹೊಸ ಕಂಪನಿ ನೋಟಿಸ್ ಬೈಔಟ್ ಹಣ ಕೊಡ್ತೀವಿ ಅಂದಿತ್ತಲ್ಲ ಅಂತ ನೀವು ಕೇಳಬಹುದು. ಕೊಟ್ಟರು, ಆದರೆ ಸೇರಿದ ಮೇಲೆ, ರಸೀದಿ ತೋರಿಸಿದ ಮೇಲೆ, ಮೊದಲ ಸಂಬಳದ ಜೊತೆ. ಹಳೆ ಕಡೆ ಕಟ್ಟಬೇಕಾದದ್ದು ಕೊನೆಯ ದಿನದೊಳಗೆ. ನಡುವಿನ ಆ ಒಂದೂವರೆ ತಿಂಗಳಿಗೆ ಅಪ್ಪ ಮತ್ತೆ ಮಂಡಿಗೆ ಹೋಗಿ ಸಾಲ ತಂದರು. ಅಷ್ಟೇ ಅಲ್ಲ, ಆ ಬೈಔಟ್ ಹಣಕ್ಕೂ ಹೊಸ ಲೆಟರಿನಲ್ಲಿ ಒಂದು ವರ್ಷದ ಕ್ಲಾಬ್ಯಾಕ್ ಇದೆ. ಒಂದು ಮುಂಗಡ ತೀರಿಸಲು ಇನ್ನೊಂದು ಮುಂಗಡ.

ನಮ್ಮ ವಾದ ಇಷ್ಟು. ಕೊಟ್ಟ ಬೋನಸ್ ವಾಪಸ್ ಕೇಳೋದರಲ್ಲಿ ತಪ್ಪಿಲ್ಲ, ಆದರೆ ದುಡಿದ ತಿಂಗಳು ಕಳೆದು ಕೇಳಬೇಕು. ನೋಟಿಸ್ ಎರಡೂ ಕಡೆಗೆ ಒಂದೇ ಇರಬೇಕು. ನಾವು ಬಿಟ್ಟರೆ 90 ದಿನ, ಅವರು ತೆಗೆದರೆ 30 ದಿನ ಅನ್ನೋ ಲೆಟರುಗಳನ್ನು ನಾವೇ ನೋಡಿದ್ದೇವೆ. ಬೈಔಟ್ 'ಕಂಪನಿಯ ಸೋಲ್ ಡಿಸ್ಕ್ರೀಷನ್' ಅಂತ ಇದ್ದರೆ ದುಡ್ಡು ಇದ್ದರೂ ಬಿಡುವ ಹಕ್ಕು ಇಲ್ಲ ಅಂತಲೇ ಅರ್ಥ, ಅದನ್ನು ಮೊದಲೇ ಕೇಳಿಕೊಳ್ಳಬೇಕು.

ಒಬ್ಬ ಫ್ರೆಷರ್ ಇದನ್ನು ಕೇಳಿದರೆ ಎಚ್‌ಆರ್ ನಗಬಹುದು. ಅದಕ್ಕೇ ನಮ್ಮ ಬೇಡಿಕೆ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ಗೆ. ಕಂಪನಿ ಕ್ಯಾಂಪಸ್ಸಿಗೆ ಬರುವ ಮೊದಲು ಸಿಟಿಸಿ, ಕಟ್-ಆಫ್ ಪರ್ಸೆಂಟೇಜ್ ಕೇಳಿ ನೋಟಿಸ್ ಬೋರ್ಡಿಗೆ ಹಾಕ್ತೀರಲ್ಲ, ಅದರ ಕೆಳಗೆ ಇನ್ನು ನಾಲ್ಕು ಸಾಲು ಹಾಕಿ: ನೋಟಿಸ್ ಎಷ್ಟು ದಿನ, ಬೈಔಟ್ ಬೇಸಿಕ್ ಮೇಲೋ ಗ್ರಾಸ್ ಮೇಲೋ, ಬೋನಸ್ ವಾಪಸಾತಿ ಪೂರ್ತಿಯೋ ಪ್ರೋ-ರೇಟಾನೋ, ಟ್ರೇನಿಂಗ್ ಬಾಂಡ್ ಇದ್ದರೆ ಎಷ್ಟು ಮತ್ತು ಎಷ್ಟು ದಿನಕ್ಕೆ ಅಂತ. ನಾಲ್ಕು ಸಾಲಿಗೆ ಖರ್ಚೇನೂ ಇಲ್ಲ. ಅಕ್ಕನ ಲೆಟರಿನಲ್ಲಿ ಅವುಗಳಲ್ಲಿ ಒಂದು ಸಾಲು ಸರಿ ಇದ್ದಿದ್ದರೆ ಐವತ್ತು ಸಾವಿರ ಉಳಿಯುತ್ತಿತ್ತು. ಆ ಮನೆಯವರು ಮಂಡಿಯಲ್ಲಿ ಮಾಡಿದ ಸಾಲ ಈ ಸಲದ ಬೇಸಿಗೆ ಭತ್ತ ಬಂದ ಮೇಲೆ ತೀರಬೇಕು.