ಗೆರೆ ಟೈಲು, ಚುಕ್ಕೆ ಟೈಲು: ಚದರ ಮೀಟರ್ ಲೆಕ್ಕದಲ್ಲಿ ಕಳೆದುಹೋಗುವ ದಾರಿ

ನಗರಗಳಲ್ಲಿ ಹೊಸದಾಗಿ ನಿರ್ಮಾಣಗೊಳ್ಳುತ್ತಿರುವ ಪಾದಚಾರಿ ಮಾರ್ಗಗಳ ನಡುವೆ ಹಳದಿ ಬಣ್ಣದ ಉಬ್ಬು ಟೈಲುಗಳ ಸಾಲೊಂದು ಕಂಡುಬರುತ್ತದೆ. ಅಂಗಡಿ ಮುಂಗಟ್ಟಿನ ವರ್ತಕರಲ್ಲಿ ಅನೇಕರು ಅದನ್ನು ಅಲಂಕಾರವೆಂದು ತಿಳಿದಿದ್ದಾರೆ. ಮಳೆಗಾಲದಲ್ಲಿ ಕಾಲು ಜಾರದಿರಲೆಂದು ಹಾಕಿದ್ದೆಂದು ಹೇಳುವವರೂ ಇದ್ದಾರೆ. ವಾಸ್ತವವಾಗಿ ಅದು ದೃಷ್ಟಿಹೀನರು ಅಂಗಾಲಿನಿಂದಲೂ ಬಿಳಿ ಕೋಲಿನಿಂದಲೂ ಓದಿಕೊಳ್ಳುವ ಸೂಚನೆ. ಜಪಾನಿನ ಸೆಯಿಚಿ ಮಿಯಾಕೆ ಎಂಬುವರು 1965ರಲ್ಲಿ ಇದನ್ನು ರೂಪಿಸಿದರು. 1967ರ ಮಾರ್ಚ್ 18ರಂದು ಒಕಾಯಾಮ ನಗರದಲ್ಲಿ, ಅಂಧರ ಶಾಲೆಯೊಂದರ ಸಮೀಪದ ರಸ್ತೆಯಲ್ಲಿ ಇದನ್ನು ಮೊದಲ ಬಾರಿಗೆ ಅಳವಡಿಸಲಾಯಿತು. ಇಂದು ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಕಾಣುವ ಟೈಲು ಅದರದೇ ವಂಶದ್ದು.

ಈ ಟೈಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಉದ್ದನೆಯ ಸಮಾನಾಂತರ ಪಟ್ಟಿಗಳಿರುವ ಗೆರೆ ಟೈಲು ‘ಈ ದಿಕ್ಕಿನಲ್ಲಿ ಮುಂದೆ ನಡೆಯಿರಿ’ ಎನ್ನುತ್ತದೆ. ಮೇಲ್ಭಾಗ ಚಪ್ಪಟೆಯಾದ ಗುಂಡು ಉಬ್ಬುಗಳಿರುವ ಚುಕ್ಕೆ ಟೈಲು ‘ನಿಲ್ಲಿ, ಮುಂದೆ ಅಪಾಯವೋ ತಿರುವೋ ಇದೆ’ ಎನ್ನುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಸೂಚನೆ ದುರ್ಬಲವಾಗುವುದಿಲ್ಲ, ವಿರುದ್ಧವಾಗುತ್ತದೆ. ರಸ್ತೆಯ ಅಂಚಿನಲ್ಲಿ ಗೆರೆ ಟೈಲು ಹಾಕಿದವನು ವ್ಯಕ್ತಿಯೊಬ್ಬನನ್ನು ವಾಹನಗಳ ನಡುವೆ ನಡೆಯೆಂದು ಕಳುಹಿಸಿದಂತಾಯಿತು. ಟೈಲೇ ಇಲ್ಲದ ದಾರಿಯಲ್ಲಿ ದೃಷ್ಟಿಹೀನರು ಎಚ್ಚರಿಕೆಯಿಂದ ನಡೆಯುತ್ತಾರೆ. ತಪ್ಪಾಗಿ ಹಾಕಿದ ಟೈಲು ಆ ಎಚ್ಚರಿಕೆಯನ್ನೇ ಕಸಿದುಕೊಳ್ಳುತ್ತದೆ. ಈ ಕಾರಣದಿಂದ, ತಪ್ಪಾಗಿ ಹಾಕುವುದಕ್ಕಿಂತ ಹಾಕದಿರುವುದೇ ಮೇಲು ಎಂಬ ಮಾತು ಕಟುವಾಗಿ ಕೇಳಿದರೂ ಸತ್ಯವಾದುದು.

ತಪ್ಪಿನ ಬೇರು ಬಹುಪಾಲು ಕಾಮಗಾರಿಯ ಸ್ಥಳದಲ್ಲಿರುವುದಿಲ್ಲ, ಟೆಂಡರಿನ ಕಾಗದದಲ್ಲಿರುತ್ತದೆ. ‘ಸ್ಪರ್ಶ ಟೈಲು, ಹಳದಿ, ಇಷ್ಟು ಚದರ ಮೀಟರ್’ ಎಂದು ಒಂದೇ ಸಾಲಿನಲ್ಲಿ ಬರೆದಾಗ ಗುತ್ತಿಗೆದಾರನಿಗೆ ಯಾವ ಬಗೆ, ಎಲ್ಲಿ, ಯಾವ ದಿಕ್ಕಿಗೆ ಎಂಬುದು ತಿಳಿಯುವುದಿಲ್ಲ. ಕಾರ್ಖಾನೆಯವರು ದಾಸ್ತಾನಿನಲ್ಲಿ ಇರುವುದನ್ನು ಲಾರಿಗೆ ತುಂಬುತ್ತಾರೆ. ಗೆರೆಯದು ಮುಗಿದರೆ ಚುಕ್ಕೆಯದನ್ನು ಜೋಡಿಸಿ ಅಳತೆ ಪುಸ್ತಕಕ್ಕೆ ಲೆಕ್ಕ ಹೊಂದಿಸಲಾಗುತ್ತದೆ. ಬಿಲ್ಲು ಪಾಸಾಗುತ್ತದೆ, ಏಕೆಂದರೆ ಚದರ ಮೀಟರ್ ಸರಿಯಾಗಿಯೇ ಇದೆ.

ಇದನ್ನು ಒಂದು ಉದಾಹರಣೆಯಿಂದ ಪರಿಶೀಲಿಸಬಹುದು. ಅಂಗಡಿಗಳ ಸಾಲಿನ ಮುಂದೆ 3 ಮೀಟರ್ ಅಗಲದ ಪಾದಚಾರಿ ಮಾರ್ಗವಿದೆ ಎಂದಿಟ್ಟುಕೊಳ್ಳೋಣ. 36 ಮೀಟರ್ ನಡೆದ ಬಳಿಕ ಬಲಕ್ಕೆ ತಿರುಗಿ ರಸ್ತೆ ದಾಟಬೇಕು. ಟೈಲಿನ ಅಳತೆ 300 ಮಿ.ಮೀ. ಚೌಕ. ಗೆರೆ ಸಾಲಿನ ಎರಡೂ ಬದಿಯಲ್ಲಿ ಕನಿಷ್ಠ 600 ಮಿ.ಮೀ. ತೆರವಾಗಿರಬೇಕು, ಇಲ್ಲವಾದರೆ ನಡೆಯುವವರ ಭುಜವೋ ಕೋಲೋ ಅಡಚಣೆಗೆ ತಾಗುತ್ತದೆ. ಆದುದರಿಂದ ಗೋಡೆಯಿಂದ 1050 ಮಿ.ಮೀ. ಬಿಟ್ಟು ಸಾಲನ್ನು ಆರಂಭಿಸಿದರೆ, ಗೋಡೆಯ ಕಡೆ ಮೆಟ್ಟಿಲಿಗೋ ನಿಲ್ಲುವ ಗಿರಾಕಿಗೋ 450 ಮಿ.ಮೀ. ಹೋದರೂ 600 ಉಳಿಯುತ್ತದೆ. ಸಾಲಿನ ಆಚೆ ರಸ್ತೆಯ ಕಡೆಗೆ 600 ತೆರವು ಬಿಟ್ಟ ಮೇಲೂ ಮರ, ದೀಪದ ಕಂಬ ಮತ್ತು ಸಿಗ್ನಲ್ ಪೆಟ್ಟಿಗೆಗಳಿಗೆ 1050 ಮಿ.ಮೀ. ದೊರೆಯುತ್ತದೆ.

36 ಮೀಟರಿಗೆ 120 ಗೆರೆ ಟೈಲು. ಅವುಗಳ ಪಟ್ಟಿಗಳು ನಡೆಯುವ ದಿಕ್ಕಿಗೇ ಸಾಗಬೇಕು; ಅಡ್ಡಲಾಗಿ ಕೂರಿಸುವುದು ತೀರ ಸಾಮಾನ್ಯವಾದ ತಪ್ಪು. ಬ್ರಿಟನ್ನಿನಲ್ಲಿ ಅಡ್ಡಲಾದ ದುಂಡು ಪಟ್ಟಿಗಳಿಗೆ ಮೆಟ್ಟಿಲು ಬಂದಿದೆ ಎಂಬ ಬೇರೆಯೇ ಅರ್ಥವಿದೆ. ತಿರುವಿನಲ್ಲಿ ಎರಡು ಸಾಲುಗಳು ಸಂಧಿಸುವ ಕಡೆ ನಾಲ್ಕು ಚುಕ್ಕೆ ಟೈಲುಗಳ 600 ಮಿ.ಮೀ. ಚೌಕ ಹಾಕಬೇಕು. ಅಲ್ಲಿಂದ ರಸ್ತೆಯ ಕಡೆಗೆ ಎರಡು ಗೆರೆ ಟೈಲು. ಬಳಿಕ ಅಂಚುಗಲ್ಲಿನಿಂದ 300 ಮಿ.ಮೀ. ಹಿಂದೆ, ಇಳಿಜಾರು ಮಾಡಿದ ಭಾಗದ ಪೂರ್ಣ ಅಗಲಕ್ಕೂ 600 ಮಿ.ಮೀ. ಆಳದ ಚುಕ್ಕೆ ಪಟ್ಟಿ. ಇಳಿಜಾರಿನ ಅಗಲ 1.8 ಮೀಟರ್ ಇದ್ದರೆ ಆರು ಟೈಲುಗಳ ಎರಡು ಸಾಲು, ಅಂದರೆ 12. ಆಳವನ್ನು ಒಂದೇ ಟೈಲಿಗೆ ಇಳಿಸಿದರೆ ವೇಗವಾಗಿ ನಡೆಯುವವರು ಅದನ್ನು ಒಂದೇ ಹೆಜ್ಜೆಯಲ್ಲಿ ದಾಟಿಬಿಡುತ್ತಾರೆ. ಅಗಲವನ್ನು ಮೊಟಕುಗೊಳಿಸಿದರೆ ಪಕ್ಕದಿಂದ ಬಂದವರು ತಿಳಿಯದೆ ರಸ್ತೆಗೆ ಇಳಿಯುತ್ತಾರೆ. ಇಳಿಜಾರು ಮಾಡಿದ ಕಡೆ ಅಂಚುಗಲ್ಲಿನ ಎತ್ತರವೇ ಇಲ್ಲವಾದ್ದರಿಂದ, ರಸ್ತೆ ಎಲ್ಲಿ ಆರಂಭವಾಯಿತು ಎಂದು ಹೇಳುವುದು ಈ ಪಟ್ಟಿಯೊಂದೇ.

ಒಟ್ಟು ಲೆಕ್ಕ 122 ಗೆರೆ, 16 ಚುಕ್ಕೆ. ಒಂದೇ ಬಗೆಯ 138 ಟೈಲು ಬಂದರೂ ಚದರ ಮೀಟರ್ ಲೆಕ್ಕ ಸರಿಯಾಗಿಯೇ ಇರುತ್ತದೆ, ದಾರಿ ಮಾತ್ರ ಇರುವುದಿಲ್ಲ. ಹೀಗಾಗಿ ಟೈಲು ತಯಾರಿಸುವ ಸಣ್ಣ ಉದ್ಯಮಿಯು ಸ್ಥಳದ ನಕ್ಷೆಯಿಲ್ಲದ ಬೇಡಿಕೆಯನ್ನು ಸ್ವೀಕರಿಸದಿರುವುದೇ ಉಚಿತ. ಇದು ಉಪಕಾರದ ಮಾತಲ್ಲ. ಕಿತ್ತು ಮತ್ತೆ ಹಾಕುವ ಪ್ರಮೇಯ ಬಂದಾಗ ದೂರು ಮೊದಲು ಬರುವುದು ಸರಬರಾಜುದಾರನ ಮೇಲೆಯೇ.

ಉಬ್ಬಿನ ಎತ್ತರದ ವಿಷಯವೂ ತಯಾರಕರಿಗೆ ನೇರವಾಗಿ ಸಂಬಂಧಿಸಿದ್ದು. ಐ.ಎಸ್.ಒ. 23599 ಎಂಬ ಅಂತರರಾಷ್ಟ್ರೀಯ ಮಾನಕವು ಇದನ್ನು 4ರಿಂದ 5 ಮಿ.ಮೀ. ಎಂದು ಗೊತ್ತುಪಡಿಸಿದೆ. ಅದಕ್ಕಿಂತ ಕಡಿಮೆಯಾದರೆ ಚಪ್ಪಲಿಯ ಅಟ್ಟೆಯ ಮೂಲಕ ತಿಳಿಯುವುದಿಲ್ಲ. ಹೆಚ್ಚಾದರೆ ವೃದ್ಧರು ಎಡವುತ್ತಾರೆ, ಗಾಲಿಕುರ್ಚಿ ಕುಲುಕುತ್ತದೆ. ಅಚ್ಚು ಹೊಸದಿದ್ದಾಗ ಸರಿಯಾಗಿ ಬರುವ ಉಬ್ಬು ಅಚ್ಚು ಸವೆದಂತೆ ತಗ್ಗುತ್ತದೆ. ಒಂದು ತಂಡದ ಕೆಲವು ಟೈಲುಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ನೋಡುವುದು ಐದು ನಿಮಿಷದ ಕೆಲಸ. ಟೈಲಿನ ತಳಭಾಗವು ಸುತ್ತಲಿನ ನೆಲದೊಂದಿಗೆ ಸಮವಾಗಿದ್ದು ಉಬ್ಬು ಮಾತ್ರ ಮೇಲೆ ಕಾಣಬೇಕು. ಗಾರೆಯಲ್ಲಿ ಆಳವಾಗಿ ಒತ್ತಿದ ಟೈಲು ಎಷ್ಟೇ ಒಳ್ಳೆಯದಾಗಿದ್ದರೂ ವ್ಯರ್ಥವೇ. ಬಣ್ಣವೂ ಅಷ್ಟೇ ಮುಖ್ಯ. ಬಿಳಿ ಕೋಲು ಹಿಡಿಯದೆ ಅಲ್ಪದೃಷ್ಟಿಯಲ್ಲಿಯೇ ನಡೆಯುವವರು ಬಹಳ ಮಂದಿ. ನೆಲಕ್ಕೆ ಒಪ್ಪುತ್ತದೆಂದು ಬೂದು ಗ್ರಾನೈಟ್ ನಡುವೆ ಬೂದು ಟೈಲನ್ನೇ ಆರಿಸುವ ವಾಸ್ತುಶಿಲ್ಪಿಯು ಅವರನ್ನು ಮರೆತಿರುತ್ತಾನೆ.

ಮಾರ್ಗ ಕಿರಿದಾಗಿದ್ದು, ಒಂದು ಬದಿಯಲ್ಲಿ ನೇರವಾದ ಗೋಡೆ ನಿರಂತರವಾಗಿ ಇರುವಲ್ಲಿ ಗೆರೆ ಸಾಲಿನ ಅಗತ್ಯವೇ ಇರುವುದಿಲ್ಲ. ಕೋಲು ಹಿಡಿದವರು ಆ ಗೋಡೆಯನ್ನೇ ಅನುಸರಿಸಿ ಸಾಗುತ್ತಾರೆ. ಬ್ರಿಟನ್ನಿನ ಪದ್ಧತಿಯೂ ಹೀಗೆಯೇ ಇದೆ. ಅಲ್ಲಿ ಉಳಿದ ಹಣವನ್ನು ದಾಟುವ ಸ್ಥಳಗಳ ಚುಕ್ಕೆ ಪಟ್ಟಿಗೆ ವಿನಿಯೋಗಿಸುವುದು ಸೂಕ್ತ. ಟೈಲು ಮಾರುವವರಿಗೆ ಈ ಸಲಹೆ ರುಚಿಸದಿರಬಹುದು. ವರ್ತಕರಿಗೆ ರುಚಿಸದ ಮಾತೂ ಒಂದಿದೆ: ಬೆಳಿಗ್ಗೆ ಹೊರಗಿಡುವ ನಾಮಫಲಕ, ಅಕ್ಕಿ ಮೂಟೆ, ನಿಲ್ಲಿಸಿದ ದ್ವಿಚಕ್ರ ವಾಹನ, ಇವು ಸಾಲಿನ ಮೇಲೆ ಬಂದಾಗ ಆ ಟೈಲು ದಾರಿ ತೋರುವ ಬದಲು ಅಡಚಣೆಗೇ ಕರೆದೊಯ್ಯುತ್ತದೆ. ಸಾಲಿನ ನಡುವೆ ಬರುವ ಒಳಚರಂಡಿ ಮುಚ್ಚಳದ ಸುತ್ತ ಅಂಕುಡೊಂಕಾಗಿ ಟೈಲು ಬಳಸಿ ಹೋಗುವುದೂ ಕಾಣಸಿಗುತ್ತದೆ. ನಕ್ಷೆಯ ಹಂತದಲ್ಲಿಯೇ ಇಡೀ ಸಾಲನ್ನು ಒಂದು ಅಡಿ ಪಕ್ಕಕ್ಕೆ ಸರಿಸಿದ್ದರೆ ಆ ತೊಡಕು ಉದ್ಭವಿಸುತ್ತಿರಲಿಲ್ಲ.

ಚುಕ್ಕೆ ಪಟ್ಟಿಯವರೆಗೆ ಬಂದವರಿಗೆ ಯಾವಾಗ ದಾಟಬೇಕೆಂದು ಹೇಳುವುದು ಶಬ್ದ ಸಿಗ್ನಲ್. 1995ರ ಅಂಗವಿಕಲರ ಕಾಯಿದೆಯ 45ನೇ ಕಲಮೇ ಇದನ್ನು ಪ್ರಸ್ತಾಪಿಸಿತ್ತು. ಉತ್ತಮ ಉಪಕರಣವು ಕೆಂಪು ದೀಪವಿದ್ದಾಗ ನಿಧಾನವಾಗಿ ಟಕ್ ಟಕ್ ಎಂದು ತಾನಿರುವ ಜಾಗವನ್ನು ತಿಳಿಸುತ್ತದೆ. ದಾಟುವ ಸಮಯ ಬಂದಾಗ ಆ ಶಬ್ದ ಶೀಘ್ರಗತಿಗೆ ತಿರುಗುತ್ತದೆ. ಒಂದೇ ಮೂಲೆಯಲ್ಲಿ ಎರಡು ರಸ್ತೆಗಳ ಸಿಗ್ನಲ್‌ಗಳನ್ನು ಒಂದೇ ಕಂಬಕ್ಕೆ ಜೋಡಿಸಿ ಉಳಿತಾಯ ಮಾಡುವುದು ಇಲ್ಲಿನ ದೊಡ್ಡ ತಪ್ಪು. ಶಬ್ದ ಕೇಳಿಸಿದರೂ ಯಾವ ರಸ್ತೆಗೆ ಅನುಮತಿ ದೊರೆಯಿತೆಂದು ತಿಳಿಯುವುದಿಲ್ಲ. ಅಮೆರಿಕದ ನಿಯಮದಂತೆ ಎರಡು ಕಂಬಗಳ ನಡುವೆ 10 ಅಡಿ, ಅಂದರೆ ಸುಮಾರು 3 ಮೀಟರ್ ಅಂತರವಿರಬೇಕು. ಅದು ಸಾಧ್ಯವಾಗದ ಕಡೆ ರಸ್ತೆಯ ಹೆಸರನ್ನು ಹೇಳುವ ಧ್ವನಿ ಸಂದೇಶವನ್ನು ಬಳಸಬೇಕು. ಗುಂಡಿಯ ಮೇಲಿನ ಉಬ್ಬು ಬಾಣ ದಾಟುವ ದಿಕ್ಕಿಗೇ ನೇರವಾಗಿರಬೇಕು, ಗುಂಡಿಯು ಚುಕ್ಕೆ ಪಟ್ಟಿಯ ಬಳಿ ನಿಂತವರ ಕೈಗೆ ಎಟುಕಬೇಕು. ರಾತ್ರಿ ಶಬ್ದ ಕಿರಿಕಿರಿಯೆಂದು ಅಕ್ಕಪಕ್ಕದವರು ದೂರಿದಾಗ ತಂತಿಯನ್ನೇ ಕತ್ತರಿಸುವುದು ಪರಿಹಾರವಲ್ಲ. ಸುತ್ತಲಿನ ಗದ್ದಲಕ್ಕೆ ಅನುಗುಣವಾಗಿ ತಾನೇ ಏರಿಳಿಯುವ ಉಪಕರಣವನ್ನು ಖರೀದಿಯ ವೇಳೆಯೇ ಕೇಳಬೇಕಾಗಿತ್ತು.

ಫಲಕ ತಯಾರಕರ ಒಂದು ದೋಷವನ್ನೂ ಇಲ್ಲಿ ಹೇಳಬೇಕಾಗಿದೆ. ಬ್ರೈಲ್ ಅಕ್ಷರದ ಚುಕ್ಕೆಗಳ ನಡುವಿನ ಅಂತರ ಸುಮಾರು 2.5 ಮಿ.ಮೀ., ಅದು ಬೆರಳ ತುದಿಯ ಅಳತೆಗೆ ಹೊಂದಿದ್ದು. ಫಲಕ ದೊಡ್ಡದೆಂದು ಬ್ರೈಲನ್ನೂ ಹಿಗ್ಗಿಸಿದರೆ ಅದನ್ನು ಯಾರೂ ಓದಲಾರರು. ಚುಕ್ಕೆಗಳನ್ನು ಉಬ್ಬಿಸದೆ ಬರಿದೇ ಮುದ್ರಿಸಿದ ಫಲಕಗಳೂ, ಗಾಜಿನ ಹಿಂದೆ ಕೂರಿಸಿದ ಫಲಕಗಳೂ ಇವೆ. ಕೈಯಿಂದ ಓದುವ ಫಲಕವು ಬಾಗಿಲಿನ ಮೇಲಲ್ಲ, ಹಿಡಿಯ ಬದಿಯ ಗೋಡೆಯ ಮೇಲೆ, ನಿಂತವರ ಕೈಗೆ ಸುಲಭವಾಗಿ ಸಿಗುವ ಎತ್ತರದಲ್ಲಿ ಇರಬೇಕು. ಬಾಗಿಲಿನ ಮೇಲಿದ್ದರೆ ಓದುತ್ತಿರುವವರ ಮುಖಕ್ಕೇ ಬಾಗಿಲು ತೆರೆದುಕೊಳ್ಳುತ್ತದೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ ಹೊಣೆ ಖಾಸಗಿ ಸೇವಾದಾರರ ಮೇಲೂ ಇದೆ. ಮೊದಲ ಉಲ್ಲಂಘನೆಗೆ 10,000 ರೂಪಾಯಿಗಳವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು 89ನೇ ಕಲಂ ಅವಕಾಶ ನೀಡುತ್ತದೆ. ಸುಗಮ್ಯತೆಯ ಮಾನದಂಡಗಳು ಕೇವಲ ಸಲಹೆಯಾಗಿರದೆ ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿತು.

ಟೆಂಡರ್ ದಾಖಲೆಯಲ್ಲಿ ಗೆರೆ ಮತ್ತು ಚುಕ್ಕೆ ಟೈಲುಗಳನ್ನು ಎರಡು ಪ್ರತ್ಯೇಕ ಬಾಬುಗಳಾಗಿ, ಸಂಖ್ಯೆಯಲ್ಲಿ ನಮೂದಿಸಿ, ನಕ್ಷೆಯನ್ನು ಲಗತ್ತಿಸುವಂತೆ ವಾಣಿಜ್ಯ ಸಂಸ್ಥೆಗಳು ಸ್ಥಳೀಯ ಆಡಳಿತಗಳನ್ನು ಒತ್ತಾಯಿಸಬಹುದು. ಜೊತೆಗೆ ಪ್ರತಿ ಬಗೆಯದೂ ಕೆಲವು ಹೆಚ್ಚುವರಿ ಟೈಲುಗಳನ್ನು ಅದೇ ಬೇಡಿಕೆಯಲ್ಲಿ ಸೇರಿಸಿ ದಾಸ್ತಾನಿನಲ್ಲಿ ಇಡಬೇಕು. ನೀರಿನ ಕೊಳವೆಗೋ ಕೇಬಲ್‌ಗೋ ಮಾರ್ಗವನ್ನು ಅಗೆದ ಬಳಿಕ ಕೈಗೆ ಸಿಕ್ಕ ಟೈಲಿನಿಂದ ಹಳ್ಳ ಮುಚ್ಚುವಾಗ, ಸರಿಯಾಗಿ ಹಾಕಿದ ಸಾಲುಗಳೂ ತಪ್ಪು ಸಾಲುಗಳಾಗುತ್ತವೆ.