ಕೊಲ್ಲಿಗೆ ಹೊರಟವರ ಬ್ಯಾಂಕ್ ಖಾತೆ: ಎನ್‌ಆರ್‌ಇ ಯಾವುದಕ್ಕೆ, ಎನ್‌ಆರ್‌ಒ ಯಾವುದಕ್ಕೆ?

ಮೊಗುಡಂಪಲ್ಲಿ, ಜಹೀರಾಬಾದ್, ನಾರಾಯಣಖೇಡ ಭಾಗದಿಂದ ದುಬೈ, ಸೌದಿ, ಕುವೈತ್‌ಗಳಿಗೆ ದುಡಿಯಲು ಹೊರಡುವ ಯುವಕರು ವೀಸಾ, ವೈದ್ಯಕೀಯ ತಪಾಸಣೆ, ಟಿಕೆಟ್‌ಗಳ ಹಿಂದೆ ತಿಂಗಳುಗಟ್ಟಲೆ ಅಲೆಯುತ್ತಾರೆ. ಹತ್ತನೇ ತರಗತಿ ಮುಗಿಸದವರು ಹೈದರಾಬಾದಿನಲ್ಲಿರುವ ವಲಸೆ ಸಂರಕ್ಷಣಾಧಿಕಾರಿಯ ಅನುಮತಿಯನ್ನೂ ಪಡೆಯಬೇಕು. ಆದರೆ ಊರಿನ ಬ್ಯಾಂಕಿನಲ್ಲಿರುವ ಉಳಿತಾಯ ಖಾತೆಯ ಗತಿ ಏನೆಂದು ಕೇಳುವವರು ವಿರಳ. ಬ್ಯಾಂಕಿನ ಅರ್ಜಿಗಳು ಇಲ್ಲಿ ತೆಲುಗು, ಹಿಂದಿ, ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ತೋರಿಸಿದಲ್ಲಿ ಸಹಿ ಹಾಕಿ ಬರುತ್ತಾರೆ. ಆದ್ದರಿಂದ ಈ ವಿಷಯವನ್ನು ಕನ್ನಡದಲ್ಲಿಯೇ ಬಿಡಿಸಿ ಹೇಳುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೊಗುಡಂಪಲ್ಲಿಯ ಒಬ್ಬ ವಿದ್ಯುತ್ ಕೆಲಸಗಾರ 2025ರ ಅಕ್ಟೋಬರ್ 10ರಂದು ಎರಡು ವರ್ಷದ ಕರಾರಿನ ಮೇಲೆ ದುಬೈಗೆ ಹೊರಟನು. ಜಹೀರಾಬಾದಿನ ಬ್ಯಾಂಕೊಂದರಲ್ಲಿ ಅವನ ಉಳಿತಾಯ ಖಾತೆಯಿದೆ, 2 ಲಕ್ಷ ರೂಪಾಯಿಯ ನಿಶ್ಚಿತ ಠೇವಣಿಯಿದೆ. ತಂದೆಯಿಂದ ಬಂದ ಹೊಲದ ಕಬ್ಬಿನ ಬಿಲ್ಲೂ ಅದೇ ಖಾತೆಗೆ ಜಮೆಯಾಗುತ್ತದೆ.

ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (1999) ದೃಷ್ಟಿಯಲ್ಲಿ, ಉದ್ಯೋಗಕ್ಕಾಗಿ ದೇಶ ಬಿಟ್ಟವನು ಹೊರಟಂದಿನಿಂದಲೇ ಅನಿವಾಸಿ. ನೂರೆಂಬತ್ತೆರಡು ದಿನ ಕಾಯಬೇಕೆಂಬುದು ತಪ್ಪು ತಿಳಿವಳಿಕೆ. ಆ ದಿನಗಳ ಎಣಿಕೆ ಆದಾಯ ತೆರಿಗೆಗೆ ಸಂಬಂಧಿಸಿದ್ದು. ನಮ್ಮ ಯುವಕ ಏಪ್ರಿಲ್‌ನಿಂದ ಅಕ್ಟೋಬರ್ 10ರವರೆಗೆ 193 ದಿನ ಭಾರತದಲ್ಲಿದ್ದುದರಿಂದ, ಆ ಆರ್ಥಿಕ ವರ್ಷದ ಮಟ್ಟಿಗೆ ತೆರಿಗೆ ಇಲಾಖೆಗೆ ಅವನು ನಿವಾಸಿ; ಬ್ಯಾಂಕಿಗೆ ಮಾತ್ರ ಅನಿವಾಸಿ. ಸೆಪ್ಟೆಂಬರ್ 28ಕ್ಕೇ ಹೊರಟಿದ್ದರೆ ಎರಡೂ ಕಡೆ ಅನಿವಾಸಿಯಾಗುತ್ತಿದ್ದನು. ಒಬ್ಬನೇ ಮನುಷ್ಯನಿಗೆ ಎರಡು ಕಾನೂನುಗಳು ಎರಡು ಹೆಸರಿಡುವ ಈ ಗೊಂದಲ ವಿದ್ಯಾವಂತರನ್ನೂ ದಾರಿತಪ್ಪಿಸುತ್ತದೆ.

ಹೀಗಾಗಿ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಬಿಟ್ಟು ಹೋಗುವಂತಿಲ್ಲ. ಪಾಸ್‌ಪೋರ್ಟ್, ವೀಸಾ, ಉದ್ಯೋಗ ಕರಾರಿನ ಪ್ರತಿಗಳೊಂದಿಗೆ ಬ್ಯಾಂಕಿಗೆ ತಿಳಿಸಿ ಅದನ್ನು ಅನಿವಾಸಿ ಸಾಮಾನ್ಯ ಖಾತೆಯನ್ನಾಗಿ, ಅಂದರೆ ಎನ್‌ಆರ್‌ಒ ಆಗಿ ಮಾರ್ಪಡಿಸಬೇಕು. ಖಾತೆಯ ಜೊತೆಗೆ ಠೇವಣಿಯೂ ಬದಲಾಗುತ್ತದೆ. ಕಬ್ಬಿನ ಬಿಲ್ಲು, ಮನೆ ಬಾಡಿಗೆ, ಸರ್ಕಾರದ ಸಹಾಯಧನ ಮುಂತಾಗಿ ಭಾರತದಲ್ಲಿ ಹುಟ್ಟುವ ಹಣವೆಲ್ಲ ಇಲ್ಲಿಗೇ ಬರಬೇಕು. ದುಬೈಯಲ್ಲಿ ದುಡಿದು ಕಳುಹಿಸುವ ಹಣಕ್ಕೆ ಅನಿವಾಸಿ ಬಾಹ್ಯ ಖಾತೆ, ಅಂದರೆ ಎನ್‌ಆರ್‌ಇ ಬೇರೆಯದಾಗಿ ತೆರೆಯಬೇಕು. ಅದರೊಳಗೆ ವಿದೇಶದಿಂದ ಬಂದ ಹಣ ಹೋಗಬಹುದು, ಊರಿನಲ್ಲಿ ಕೈಗೆ ಸಿಕ್ಕ ರೂಪಾಯಿಯನ್ನು ಕಟ್ಟುವಂತಿಲ್ಲ. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಹಣ ಸುಲಭವಾಗಿ ಇಳಿಯುತ್ತದೆ. ಮೇಲೇರಬೇಕಾದರೆ ತೆರಿಗೆ ಕಟ್ಟಿದ್ದಕ್ಕೆ ದಾಖಲೆ ಬೇಕು.

ಈಗ ಬಡ್ಡಿಯನ್ನು ನೋಡೋಣ. ದರದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಊರಿನ ಠೇವಣಿಗೆ ಕೊಡುವುದಕ್ಕಿಂತ ಹೆಚ್ಚು ಬಡ್ಡಿಯನ್ನು ಬ್ಯಾಂಕುಗಳು ಈ ಎರಡರಲ್ಲೂ ಕೊಡುವಂತಿಲ್ಲ. ವ್ಯತ್ಯಾಸವಿರುವುದು ತೆರಿಗೆಯಲ್ಲಿ. ದರ ಶೇ 6.5 ಎಂದುಕೊಂಡರೆ 2 ಲಕ್ಷಕ್ಕೆ ವರ್ಷಕ್ಕೆ ಸುಮಾರು 13,000 ರೂಪಾಯಿ ಬಡ್ಡಿ. ಎನ್‌ಆರ್‌ಇಯಲ್ಲಾದರೆ ಅದಕ್ಕೆ ಆದಾಯ ತೆರಿಗೆಯೇ ಇಲ್ಲ. ಇಡೀ 13,000 ಕೈಸೇರುತ್ತದೆ. ಎನ್‌ಆರ್‌ಒದಲ್ಲಾದರೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಉಪಕರ, ಒಟ್ಟು ಶೇ 31.2ನ್ನು ಬ್ಯಾಂಕೇ ಮೂಲದಲ್ಲಿ ಕಡಿದುಕೊಳ್ಳುತ್ತದೆ. ಅಂದರೆ 4,056 ರೂಪಾಯಿ ಹೋಗಿ 8,944 ಉಳಿಯುತ್ತದೆ. ನಿವಾಸಿಗಳಿಗಿರುವಂತೆ ಇಷ್ಟು ಸಾವಿರದವರೆಗೆ ಕಡಿತವಿಲ್ಲ ಎಂಬ ಮಿತಿ ಇಲ್ಲಿಲ್ಲ. ಕಡಿತ ಮಾಡಬೇಡಿರೆಂದು ನಿವಾಸಿಗಳಂತೆ ಸ್ವಘೋಷಣೆಯ ಅರ್ಜಿಯನ್ನು ಕೊಡುವ ಹಕ್ಕೂ ಅನಿವಾಸಿಗಿಲ್ಲ.

ಆದರೆ ಕಡಿತವಾದ ಮಾತ್ರಕ್ಕೆ ಹಣ ಹೋಯಿತೆಂದು ಕೈಬಿಡಬಾರದು. ಅವನು ತೆರಿಗೆಯ ದೃಷ್ಟಿಯಲ್ಲೂ ಅನಿವಾಸಿಯಾದ ಮುಂದಿನ ವರ್ಷ, ಅವನ ದುಬೈ ಸಂಬಳ ಭಾರತದ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿನ ತೆರಿಗೆಯೋಗ್ಯ ಆದಾಯ ಆ 13,000 ಮಾತ್ರ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲವಾದ್ದರಿಂದ, ಅನಿವಾಸಿ ಎಂದು ಗುರುತಿಸಿ ರಿಟರ್ನ್ ಸಲ್ಲಿಸಿದರೆ 4,056 ರೂಪಾಯಿ ಪೂರ್ತಿ ಮರಳಿ ಬರುತ್ತದೆ. ಪ್ಯಾನ್ ಸಂಖ್ಯೆ ಬ್ಯಾಂಕಿನಲ್ಲಿ ಸರಿಯಾಗಿ ದಾಖಲಾಗಿರಬೇಕು. ರಿಟರ್ನ್ ಸಲ್ಲಿಸದೆ ಈ ಹಣ ಬಿಟ್ಟವರೇ ಹೆಚ್ಚೆಂಬುದು ನಮ್ಮ ಅನುಮಾನ.

ಇಲ್ಲಿಯೇ ಒಂದು ಬಲೆಯೂ ಇದೆ. ಖಾತೆಯನ್ನು ಬದಲಿಸದೆ ಬಿಟ್ಟರೆ ಬ್ಯಾಂಕು ಅವನನ್ನು ನಿವಾಸಿಯೆಂದೇ ಎಣಿಸುತ್ತದೆ. ವರ್ಷದ ಬಡ್ಡಿ 50,000 ದಾಟುವವರೆಗೆ ಒಂದು ಪೈಸೆಯೂ ಕಡಿತವಾಗುವುದಿಲ್ಲ. ‘ಸುಮ್ಮನಿದ್ದರೇ ಲಾಭ’ ಎಂಬ ಮಾತು ಹುಟ್ಟಿದ್ದು ಹೀಗೆ. ಆದರೆ ಇದು ವಿದೇಶಿ ವಿನಿಮಯ ಕಾಯ್ದೆಯ ಉಲ್ಲಂಘನೆ. ದಂಡವು ಸಂಬಂಧಿಸಿದ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಪಾಸ್‌ಬುಕ್ಕಿನಲ್ಲಿ ಅಥವಾ ಬ್ಯಾಂಕಿನ ಆ್ಯಪಿನಲ್ಲಿ ಖಾತೆಯ ಬಗೆ ‘SB’ ಎಂದಷ್ಟೇ ಇದ್ದು, ‘NRO’ ಅಥವಾ ‘NRE’ ಎಂಬ ಅಕ್ಷರಗಳು ಕಾಣದಿದ್ದರೆ, ಮಾರ್ಪಾಡಾಗಿಲ್ಲವೆಂದೇ ಶಂಕಿಸಿ ಕೇಳಬೇಕು.

ಎನ್‌ಆರ್‌ಇ ಠೇವಣಿಗೂ ಒಂದು ಷರತ್ತಿದೆ. ಅದರ ಕನಿಷ್ಠ ಅವಧಿ ಒಂದು ವರ್ಷ. ಹನ್ನೊಂದನೇ ತಿಂಗಳಲ್ಲಿ ತಂಗಿಯ ಮದುವೆಗೆಂದು ಮುರಿದರೆ ಬಡ್ಡಿ ಒಂದು ರೂಪಾಯಿಯೂ ಸಿಗದು. ಎನ್‌ಆರ್‌ಒದಲ್ಲಿ ಏಳು ದಿನದ ಠೇವಣಿಯೂ ಸಾಧ್ಯ. ಆದ್ದರಿಂದ ಒಂದೇ ದೊಡ್ಡ ಠೇವಣಿಗಿಂತ ಎರಡು ಮೂರು ಚಿಕ್ಕ ಠೇವಣಿಗಳಾಗಿ ಇಡುವುದು ಒಳ್ಳೆಯದು.

ಹಣವನ್ನು ಮರಳಿ ಹೊರದೇಶಕ್ಕೆ ಒಯ್ಯುವ ಪ್ರಶ್ನೆ ಕೂಲಿಗೆ ಹೋದವರಿಗೆ ಅಪರೂಪ. ಆದರೂ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಾಗ ಅಥವಾ ಅಲ್ಲಿ ಕಾಯಿಲೆ ಬಿದ್ದಾಗ ಅದು ಎದುರಾಗುತ್ತದೆ. ಎನ್‌ಆರ್‌ಇಯ ಅಸಲು, ಬಡ್ಡಿ ಎರಡನ್ನೂ ಯಾವ ಮಿತಿಯೂ ಇಲ್ಲದೆ ಕಳುಹಿಸಬಹುದು. ಎನ್‌ಆರ್‌ಒದಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯಿದೆ. ಆ ಮಿತಿ ನಮ್ಮವರಿಗೆ ಮುಟ್ಟುವುದೇ ಇಲ್ಲ, ತೊಡಕಾಗುವುದು ಕಾಗದಗಳು. ಹಣದ ಮೂಲ ತೋರಿಸಬೇಕು, ತೆರಿಗೆ ಇಲಾಖೆಯ ಜಾಲತಾಣದಲ್ಲಿ ಘೋಷಣೆ ಸಲ್ಲಿಸಬೇಕು, ತೆರಿಗೆಯೋಗ್ಯ ಮೊತ್ತ ವರ್ಷಕ್ಕೆ 5 ಲಕ್ಷ ಮೀರಿದರೆ ಸಾಮಾನ್ಯವಾಗಿ ಲೆಕ್ಕಪರಿಶೋಧಕರ ಪ್ರಮಾಣಪತ್ರವೂ ಬೇಕು. ದುಬೈಯ ಸಂಬಳವನ್ನು ತಿಳಿಯದೆ ಎನ್‌ಆರ್‌ಒಗೆ ಹಾಕಿದವನು, ತನ್ನದೇ ದುಡಿಮೆಯ ಹಣಕ್ಕೆ ಈ ದಾಖಲೆಗಳನ್ನೆಲ್ಲ ಹೊಂದಿಸಬೇಕಾಗುತ್ತದೆ.

ಮನೆಯವರ ಖರ್ಚಿಗೆ ಹಣ ಹೇಗೆ? ಹೆಂಡತಿಯ ಸಾಮಾನ್ಯ ಉಳಿತಾಯ ಖಾತೆಗೆ ನೇರವಾಗಿ ಕಳುಹಿಸಬಹುದು. ಗಂಡ ಕೊಟ್ಟ ಹಣಕ್ಕೆ ಅವಳು ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ಅದೇ ಹಣವನ್ನು ಅವಳ ಹೆಸರಿನಲ್ಲಿ ಠೇವಣಿಯಿಟ್ಟರೆ ಎನ್‌ಆರ್‌ಇಯ ವಿನಾಯಿತಿ ಸಿಗುವುದಿಲ್ಲ, ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಉಳಿಸುವ ಹಣವನ್ನು ಎನ್‌ಆರ್‌ಇಯಲ್ಲೇ ಇಟ್ಟು, ಊರಿನಲ್ಲಿರುವ ಹತ್ತಿರದ ಸಂಬಂಧಿಯನ್ನು ‘ಮೊದಲನೆಯವರು ಅಥವಾ ಉಳಿದವರು’ ಎಂಬ ಷರತ್ತಿನ ಮೇಲೆ ಜಂಟಿಯಾಗಿ ಸೇರಿಸಬಹುದು. ಆಗ ಅವನು ಬದುಕಿರುವವರೆಗೆ ಖಾತೆ ಅವನದೇ; ಅನಾಹುತವಾದರೆ ಹಣ ಹೆಂಡತಿಗೆ ಸಿಗುತ್ತದೆ.

ಕರಾರು ಮುಗಿಸಿ ಶಾಶ್ವತವಾಗಿ ಮರಳಿದಾಗ ಬ್ಯಾಂಕಿಗೆ ಮತ್ತೆ ತಿಳಿಸಬೇಕು. ರಜೆಯ ಮೇಲೆ ಎರಡು ತಿಂಗಳು ಬಂದು ಹೋಗುವುದು ಇದರಲ್ಲಿ ಸೇರುವುದಿಲ್ಲ. ಊರಿಗೆ ಬಂದು ನೆಲೆಸಿದಂದಿನಿಂದ ಎರಡೂ ಖಾತೆಗಳು ಸಾಮಾನ್ಯ ಖಾತೆಗಳಾಗಬೇಕು. ಎನ್‌ಆರ್‌ಇ ಎಂಬ ಹೆಸರು ಪಾಸ್‌ಬುಕ್ಕಿನಲ್ಲಿ ಉಳಿದಿದ್ದರೂ, ಆ ದಿನದ ನಂತರದ ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದಿಲ್ಲ.