ಡ್ರಾಯರಿನಲ್ಲಿದ್ದ ಕೆಂಪು ಮಾತ್ರೆ

ಎರಡೂವರೆ ವರ್ಷದ ಮಗು. ತೂಕ 12 ಕಿಲೋ. ತಾಯಿ ಎರಡನೆಯ ಸಲ ಬಸುರಿ. ಆಶಾ ಕಾರ್ಯಕರ್ತೆ ಕೊಟ್ಟುಹೋದ ಕಬ್ಬಿಣಾಂಶದ ಕೆಂಪು ಮಾತ್ರೆಗಳು ಮಂಚದ ಪಕ್ಕದ ಡ್ರಾಯರಿನಲ್ಲಿವೆ. ಮಗು ಅದನ್ನು ಎಳೆದಿದೆ, ನಾಲಿಗೆಯೆಲ್ಲ ಕೆಂಪು. ಯಾವ ಊರಿನಲ್ಲಾದರೂ ನಡೆಯಬಹುದಾದ ಇಂಥ ಕಲ್ಪಿತ ಮನೆಯೊಂದರಲ್ಲಿ ಅಜ್ಜಿಯ ಮೊದಲ ಮಾತು, "ಇದನ್ನ ಇಲ್ಲಿ ಯಾರೇ ಇಟ್ಟಿದ್ದು?"

ಈ ಪ್ರಶ್ನೆ ಸಹಜ. ಆದರೆ ಅದು ಮಗುವಿಗೆ ಕೇಡು ಮಾಡುತ್ತದೆ. ಬೈಗುಳಕ್ಕೆ ಅಂಜಿದ ಸೊಸೆ "ಒಂದೋ ಎರಡೋ ತಿಂದಿರಬೇಕು ಅತ್ತೆ" ಎಂದುಬಿಡುತ್ತಾಳೆ. ವೈದ್ಯರ ತೀರ್ಮಾನ ನಿಂತಿರುವುದೇ ಆ ಲೆಕ್ಕದ ಮೇಲೆ.

ಲೆಕ್ಕ ಹೀಗೆ. ಹತ್ತು ಮಾತ್ರೆಯ ಶೀಟು ಪೂರ್ತಿ ಖಾಲಿ. ತಾಯಿ ನುಂಗಿದ್ದು ಎರಡು, ಮಂಚದ ಕೆಳಗೆ ಸಿಕ್ಕಿದ್ದು ಒಂದು. ಉಳಿದ ಏಳೂ ಮಗುವಿನ ಹೊಟ್ಟೆಯಲ್ಲಿವೆ ಎಂದೇ ಹಿಡಿಯಬೇಕು. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೆಂದರೆ ಒಟ್ಟು 420. ಕಿಲೋ ತೂಕಕ್ಕೆ 35. ಇಪ್ಪತ್ತು ದಾಟಿದರೆ ವಿಷದ ಲಕ್ಷಣ ಕಾಣಿಸಿಕೊಳ್ಳಬಹುದು, ಅರವತ್ತು ದಾಟಿದರೆ ಜೀವಕ್ಕೇ ಅಪಾಯ. "ಒಂದೋ ಎರಡೋ" ಎಂದಿದ್ದರೆ ಲೆಕ್ಕ ಹತ್ತಕ್ಕೇ ನಿಂತು, ಮಗು ಮನೆಯಲ್ಲೇ ಉಳಿದುಬಿಡುತ್ತಿತ್ತು.

ಇಲ್ಲಿ ಇನ್ನೊಂದು ಮೋಸವೂ ಇದೆ. ಮೊದಲ ಆರು ಗಂಟೆಯೊಳಗೆ ವಾಂತಿ, ಭೇದಿ ಆಗುತ್ತದೆ, ಕೆಲವೊಮ್ಮೆ ರಕ್ತವೂ ಬರುತ್ತದೆ. ಆಮೇಲೆ ಮಗು ಚೇತರಿಸಿಕೊಂಡಂತೆ ಕಾಣಬಹುದು. "ಎಲ್ಲ ವಾಂತಿಯಾಗಿ ಹೋಯ್ತು ಬಿಡು" ಎಂದು ಮನೆಯವರು ನಿರಾಳರಾಗುವ ಹೊತ್ತಿನಲ್ಲೇ ಕಬ್ಬಿಣ ರಕ್ತಕ್ಕೆ ಸೇರಿ ಯಕೃತ್ತನ್ನು ಕೆಡಿಸುತ್ತಿರಬಹುದು. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದಂತೂ ಇನ್ನೊಂದು ಅಪಾಯ. ಅನೇಕ ವಿಷಗಳಿಗೆ ಕೊಡುವ ಇದ್ದಿಲ ಪುಡಿಯೂ ಕಬ್ಬಿಣವನ್ನು ಹಿಡಿದಿಡುವುದಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ರಕ್ತ ಪರೀಕ್ಷಿಸಿ, ಬೇಕಾದರೆ ಡೆಫೆರೊಕ್ಸಮಿನ್ ಎಂಬ ಮದ್ದು ಕೊಡುತ್ತಾರೆ.

ಹಾಗಾದರೆ ತಪ್ಪು ಯಾರದು? ತಾಯಿಯೊಬ್ಬಳದೇ ಎನ್ನುವುದು ಸೋಮಾರಿ ಉತ್ತರ. ಅಮೆರಿಕದಲ್ಲಿ ಕಬ್ಬಿಣದ ಮಾತ್ರೆ ತಿಂದು ಪುಟ್ಟ ಮಕ್ಕಳು ಸಾಯುತ್ತಿದ್ದಾಗ ಸರ್ಕಾರ ತಾಯಂದಿರಿಗೆ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ಹೆಚ್ಚು ಕಬ್ಬಿಣಾಂಶವಿರುವ ಮಾತ್ರೆಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವಂತೆ ಪ್ಯಾಕ್ ಮಾಡಬೇಕೆಂದು 1997ರಲ್ಲಿ ನಿಯಮ ತಂದಿತು. ಸಾವುಗಳು ತೀರ ಇಳಿದವು. ಉತ್ಪಾದಕರು ಕೋರ್ಟಿಗೆ ಹೋಗಿ 2003ರಲ್ಲಿ ಆ ನಿಯಮವನ್ನು ತೆಗೆಸಿದರು, ಅದು ಬೇರೆ ಮಾತು.

ನಮ್ಮಲ್ಲಿ ಶೀಟುಗಳಿದ್ದರೂ ಅನುಕೂಲಕ್ಕೆಂದು ಬಿಡಿಸಿ ಡಬ್ಬಿಗೆ ಸುರಿಯುವವರಿದ್ದಾರೆ. ಹಾಗೆ ಮಾಡಬೇಡಿ. ಶೀಟು ಮಗುವಿನ ಕೈಯನ್ನು ತಡೆಯದಿದ್ದರೂ ನಿಧಾನಗೊಳಿಸುತ್ತದೆ, ಲೆಕ್ಕವನ್ನೂ ಉಳಿಸುತ್ತದೆ. ಮಾತ್ರೆಗಳನ್ನು ಬೀಗವಿರುವ ಬೀರುವಿನಲ್ಲಿಡಿ. ಮಗು ನುಂಗಿದ್ದೇ ಆದರೆ ಖಾಲಿ ಶೀಟು ಹಿಡಿದು ಆಸ್ಪತ್ರೆಗೆ ಹೊರಡಿ, ಆಂಬುಲೆನ್ಸಿಗಾಗಿ 108ಕ್ಕೆ ಕರೆಮಾಡಿ. ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.